ನೇರವೋ ಪರೋಕ್ಷವೋ: ಒಂದೇ ವರ್ಷದ ಲೆಕ್ಕವನ್ನು ಎರಡೂ ರೀತಿ ಬರೆದು ನೋಡಿದೆ

ನಗದು ಹರಿವಿನ ಪಟ್ಟಿಯಲ್ಲಿ ದಿನದ ವ್ಯವಹಾರದಿಂದ ಎಷ್ಟು ನಗದು ಬಂತು ಅಂತ ತೋರಿಸಲು ಎರಡು ದಾರಿಗಳಿವೆ. ನೇರ ವಿಧಾನದಲ್ಲಿ ಬಂದ ಹಣ, ಹೋದ ಹಣವನ್ನು ಬರೆಯುತ್ತೇವೆ. ಪರೋಕ್ಷ ವಿಧಾನದಲ್ಲಿ ಲಾಭದಿಂದ ಶುರು ಮಾಡಿ, ನಗದಲ್ಲದ್ದನ್ನು ತೆಗೆಯುತ್ತಾ ಬರುತ್ತೇವೆ. ಒಂದೇ ವರ್ಷದ ಪುಸ್ತಕಗಳನ್ನು ಇಟ್ಟುಕೊಂಡು ಎರಡನ್ನೂ ಮಾಡಿದೆ. ಇಲ್ಲಿ ಅಂಕಿಗಳನ್ನು ಚಿಕ್ಕದು ಮಾಡಿದ್ದೇನೆ. ತೆರಿಗೆ, ಬಡ್ಡಿ ಎರಡನ್ನೂ ಬಿಟ್ಟಿದ್ದೇನೆ.

ಮಾರಾಟ 1000. ಮಾರಿದ ಸರಕಿನ ವೆಚ್ಚ 600. ಸಂಬಳ ಮತ್ತಿತರ ಖರ್ಚು 210. ಸವಕಳಿ 60. ಒಂದು ಹಳೇ ಯಂತ್ರ ಮಾರಿದ್ದರಿಂದ 10 ಲಾಭ. ಕೊನೆಗೆ ಉಳಿದ ಲಾಭ 140.

ಮೊದಲು ನೇರ ವಿಧಾನ. ಗ್ರಾಹಕರಿಂದ ಬರಬೇಕಾದ ಬಾಕಿ ವರ್ಷದಲ್ಲಿ 50 ಜಾಸ್ತಿಯಾಗಿತ್ತು. ಅಂದರೆ 1000ಕ್ಕೆ ಮಾರಿದರೂ ಕೈಗೆ ಬಂದದ್ದು 950. ಸ್ಟಾಕ್ 30 ಹೆಚ್ಚಿತ್ತು, ಹಾಗಾಗಿ ಕೊಂಡದ್ದು 630. ಅದರಲ್ಲಿ ಸರಕು ಕೊಟ್ಟವರ ಬಾಕಿ 15 ಏರಿತ್ತು, ಹಾಗಾಗಿ ಕೊಟ್ಟದ್ದು 615. ಖರ್ಚಿನ ಹಳೇ ಬಾಕಿಯಲ್ಲಿ 5 ತೀರಿಸಿದ್ದರಿಂದ ಅಲ್ಲಿ ಹೋದದ್ದು 215. ಉಳಿದದ್ದು 120.

ಆಮೇಲೆ ಪರೋಕ್ಷ. ಲಾಭ 140ಕ್ಕೆ ಸವಕಳಿ 60 ಕೂಡಿಸಿದೆ, ಯಾಕೆಂದರೆ ಅದಕ್ಕಾಗಿ ಈ ವರ್ಷ ಯಾರಿಗೂ ದುಡ್ಡು ಕೊಟ್ಟಿಲ್ಲ. ಯಂತ್ರದ ಲಾಭ 10 ಕಳೆದೆ. ಯಂತ್ರ ಮಾರಿ ಬಂದ ಹಣ ದಿನದ ವ್ಯವಹಾರಕ್ಕಲ್ಲ, ಪೂರ್ತಿಯಾಗಿ ಪಟ್ಟಿಯ ಹೂಡಿಕೆಯ ಭಾಗಕ್ಕೆ ಸೇರಬೇಕು, ಅಲ್ವಾ? 190 ಆಯಿತು. ಅದರಿಂದ 50, 30, 5 ಕಳೆದು, 15 ಕೂಡಿಸಿದರೆ ಮತ್ತೆ 120.

ಹೀಗೆ ಒಂದೇ ಉತ್ತರ ಬರುವುದು ಆಕಸ್ಮಿಕವಲ್ಲ. ನೇರ ವಿಧಾನದ ಮೂರು ಸಾಲುಗಳನ್ನು ಬಿಡಿಸಿ ಬರೆದು ನೋಡಿ:

```
(1000 - 50) - (600 + 30 - 15) - (210 + 5) = 120
(1000 - 600 - 210) - 50 - 30 + 15 - 5     = 120
```

ಎರಡನೇ ಸಾಲಿನಲ್ಲಿ ಹೊಸ ಅಂಕಿ ಒಂದೂ ಇಲ್ಲ. ಆವರಣ ತೆಗೆದು, ಲಾಭಕ್ಕೆ ಸೇರಿದ್ದನ್ನು ಒಂದು ಕಡೆ, ಬಾಕಿಯ ಬದಲಾವಣೆಗಳನ್ನು ಇನ್ನೊಂದು ಕಡೆ ಇಟ್ಟಿದ್ದೇನೆ, ಅಷ್ಟೇ. ಎಡಗಡೆಯ ಆವರಣದಲ್ಲಿರುವ 190 ಅಂದರೆ ಸವಕಳಿಯೂ ಯಂತ್ರದ ಲಾಭವೂ ಸೇರದ ಲಾಭ. ನೇರ ವಿಧಾನ ಪ್ರತಿ ಸಾಲನ್ನೂ ಅಲ್ಲಲ್ಲೇ ನಗದಿಗೆ ತಿರುಗಿಸುತ್ತದೆ. ಪರೋಕ್ಷ ವಿಧಾನ ಎಲ್ಲವನ್ನೂ ಮೊದಲು ಕೂಡಿ ಕಳೆದು, ಕೊನೆಗೆ ಒಟ್ಟಿಗೆ ತಿರುಗಿಸುತ್ತದೆ.

ನಿಜವಾಗಿ ಪಾಠ ಕಲಿಸಿದ್ದು ಇದಲ್ಲ. ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಬಂದದ್ದು 120 ಅಲ್ಲ, 145. ಎರಡೂ ವಿಧಾನದಲ್ಲಿ 145! ವರ್ಷದ ಒಟ್ಟು ನಗದು ಬದಲಾವಣೆಯೂ ಬ್ಯಾಲೆನ್ಸ್ ಶೀಟಿಗೆ ತಾಳೆಯಾಗಿತ್ತು. ಸರಿಯಾಗಿದೆ ಅಂತಲೇ ನಂಬಿದ್ದೆ. ಆಮೇಲೆ ಕ್ಯಾಶ್ ಬುಕ್ ಮತ್ತು ಬ್ಯಾಂಕ್ ಪುಸ್ತಕ ತೆಗೆದು, ಸರಕು ಕೊಟ್ಟವರಿಗೆ ಪಾವತಿ ಮಾಡಿದ್ದನ್ನು ಒಂದೊಂದಾಗಿ ಕೂಡಿಸಿದೆ. ನನ್ನ ಲೆಕ್ಕದಲ್ಲಿ 590 ಇತ್ತು, ಪುಸ್ತಕದಲ್ಲಿ 615.

ಆ 25 ಎಲ್ಲಿಂದ ಬಂತು? ವರ್ಷದ ಕೊನೆಯಲ್ಲಿ ಸಾಲದ ಮೇಲೆ 25ರ ಯಂತ್ರ ಕೊಂಡಿದ್ದೆವು. ಅದರ ಬಾಕಿ, ಸರಕಿನ ಬಾಕಿಯ ಜೊತೆ ಅದೇ ಖಾತೆಯಲ್ಲಿ ಕೂತಿತ್ತು. ಹಾಗಾಗಿ ಬಾಕಿ 15ರ ಬದಲು 40 ಏರಿದಂತೆ ಕಂಡು, ದಿನದ ವ್ಯವಹಾರದ ನಗದು 25 ಉಬ್ಬಿತು. ಆಸ್ತಿ ಏರಿದೆ ಅಂತ ಹೂಡಿಕೆಯ ಭಾಗದಲ್ಲಿ ಕೊಡದೇ ಇದ್ದ 25 ಖರ್ಚಾಗಿ ಕೂತಿತು. ಒಂದು ತಪ್ಪು ಇನ್ನೊಂದನ್ನು ಮುಚ್ಚಿತ್ತು. ಅಂಥ ಖರೀದಿ ನಗದು ಹರಿವಿನ ಪಟ್ಟಿಯಲ್ಲೇ ಬರಬಾರದು. ಅದನ್ನು ಟಿಪ್ಪಣಿಯಲ್ಲಿ ಹೇಳಬೇಕು.

ಬ್ಯಾಲೆನ್ಸ್ ಶೀಟಿನ ಬಾಕಿಗಳಿಂದಲೇ ನೇರ ವಿಧಾನ ಮಾಡಿದರೆ ಅದು ಪರೋಕ್ಷದ ಇನ್ನೊಂದು ರೂಪ ಮಾತ್ರ. ಅವೆರಡೂ ತಾಳೆಯಾದರೆ ಕೂಡಿ ಕಳೆದದ್ದು ಸರಿ ಅಂತ ಗೊತ್ತಾಗುತ್ತದೆ, ಬೇರೇನೂ ಗೊತ್ತಾಗುವುದಿಲ್ಲ. ಕ್ಯಾಶ್ ಬುಕ್‌ನಿಂದ ಮಾಡಿದರೆ ಮಾತ್ರ ಅದು ಸ್ವತಂತ್ರ ಸಾಕ್ಷಿ.

ಆದರೆ ಕೆಲಸ ಜಾಸ್ತಿ. ಪ್ರತಿ ಪಾವತಿಯನ್ನೂ ಯಾವುದಕ್ಕೆ ಅಂತ ಗುರುತಿಸಬೇಕು. ನಮ್ಮದೇ ಎರಡು ಬ್ಯಾಂಕ್ ಖಾತೆಗಳ ನಡುವೆ ಹೋದ ಹಣವನ್ನು ಬಿಡಬೇಕು. ನಗದು ಹರಿವಿನ ಪಟ್ಟಿಯ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಎಸ್ 7 ನೇರ ವಿಧಾನವನ್ನು ಪ್ರೋತ್ಸಾಹಿಸಿದರೂ ಹೆಚ್ಚಿನ ಕಂಪನಿಗಳು ಪರೋಕ್ಷವನ್ನೇ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಓದುವವರಿಗೆ ನನ್ನ ಆಯ್ಕೆ ಪರೋಕ್ಷ. 140 ಲಾಭ ಯಾಕೆ 120 ನಗದಾಯಿತು, ಅದರಲ್ಲಿ ಗ್ರಾಹಕರ ಬಾಕಿ ಎಷ್ಟು ನುಂಗಿತು ಅನ್ನುವುದು ಅಲ್ಲಿ ಮಾತ್ರ ಕಾಣುತ್ತದೆ. ಮುಂದಿನ ತಿಂಗಳ ಹಣ ಹೊಂದಿಸುವವರಿಗೆ ನೇರವೇ ಬೇಕು. ನಾನು ಈಗ ಪಟ್ಟಿಯನ್ನು ಪರೋಕ್ಷವಾಗಿ ಬರೆಯುತ್ತೇನೆ, ಸರಕು ಕೊಟ್ಟವರ ಪಾವತಿ ಎಂಬ ಒಂದು ಸಾಲನ್ನು ಕ್ಯಾಶ್ ಬುಕ್‌ನಿಂದ ಕೂಡಿಸಿ ನೋಡುತ್ತೇನೆ. ಯಂತ್ರದ ಬಾಕಿಗೆ ಬೇರೆಯೇ ಖಾತೆ ತೆರೆದಿದ್ದೇನೆ.