ಒಂದೇ ಗೋಡೆ, ಮೂರು ಲೆಕ್ಕ: ಪುಣೆಯಲ್ಲಿ ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್, ಎಎಸಿ ಬ್ಲಾಕ್

ಪುಣೆಯ ಮೋಶಿ ಕಡೆ ನಾವು ಮನೆ ಕಟ್ಟಿಸಿದ್ದು ಕಂತುಕಂತಾಗಿ. ಹಾಗಾಗಿ ಒಂದೇ ಸೈಟಿನಲ್ಲಿ ಮೂರು ಥರದ ಗೋಡೆ ಎದ್ದಿವೆ. ಕೆಳಗಿನ ಮನೆ ಕೆಂಪು ಇಟ್ಟಿಗೆಯದು, ಕಾಂಪೌಂಡು ಕಾಂಕ್ರೀಟ್ ಬ್ಲಾಕಿನದು, ಆಮೇಲೆ ಎಬ್ಬಿಸಿದ ಮೇಲಿನ ಕೋಣೆಗಳು ಎಎಸಿ ಬ್ಲಾಕಿನವು. ಎಎಸಿ ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್, ಇಲ್ಲಿ ಗೌಂಡಿಗಳೆಲ್ಲ ಅದನ್ನ ಸಿಪೊರೆಕ್ಸ್ ಅಂತಲೇ ಕರೀತಾರೆ. ಮೂರರಲ್ಲಿ ಯಾವುದು ಒಳ್ಳೇದು ಅಂತ ಊರಿನವರು ಕೇಳ್ತಾನೇ ಇರ್ತಾರೆ. ಎಷ್ಟು ಬೇಕಾಗುತ್ತೆ ಅನ್ನೋದು ಗೊತ್ತಾಗದೆ ಅದಕ್ಕೆ ಉತ್ತರ ಹೇಳಕ್ಕಾಗಲ್ಲ. ಅದಕ್ಕೇ ಇಲ್ಲಿ ಮೇಲಿನ ಕೋಣೆಯ ಒಂದು ಗೋಡೆ ಹಿಡಿದು ಮೂರರಲ್ಲೂ ಲೆಕ್ಕ ಹಾಕಿದ್ದೇನೆ.

ಗೋಡೆ ಎರಡು ಕಾಲಮ್‌ಗಳ ನಡುವೆ 3.6 ಮೀಟರ್ ಉದ್ದ, ಬೀಮಿನ ಕೆಳಗೆ 3 ಮೀಟರ್ ಎತ್ತರ. ಒಟ್ಟು 10.8 ಚದರ ಮೀಟರ್. ಅದರಲ್ಲಿ ಬಾಗಿಲು 0.9 ಅಗಲ, 2.1 ಎತ್ತರ. ಕಿಟಕಿ 1.2ಕ್ಕೆ 1.2. ಎರಡನ್ನೂ ಕಳೆದರೆ 7.47 ಚದರ ಮೀಟರ್ ಗೋಡೆ ಉಳಿಯುತ್ತೆ. ಉದ್ದ ಅಳೆಯುವಾಗ ಕಾಲಮ್ಮಿನ ಒಳಮುಖದಿಂದ ಒಳಮುಖಕ್ಕೆ ಟೇಪ್ ಹಿಡೀರಿ. ನಕ್ಷೆಯಲ್ಲಿ ಮಧ್ಯದಿಂದ ಮಧ್ಯಕ್ಕೆ ಬರೆದಿರುವ ಅಳತೆ ತಗೊಂಡರೆ ಕಾಲಮ್ಮಿನ ಜಾಗಕ್ಕೂ ಇಟ್ಟಿಗೆ ತರಿಸಿದ ಹಾಗಾಗುತ್ತೆ.

ಮೊದಲು ಇಟ್ಟಿಗೆ. ಭಾರತೀಯ ಮಾನಕ ಐಎಸ್ 1077 ಪ್ರಕಾರ ಮಾಡ್ಯುಲರ್ ಇಟ್ಟಿಗೆ 190 × 90 × 90 ಮಿಲಿಮೀಟರ್. ಸುತ್ತ 10 ಮಿಮೀ ಗಾರೆ ಸೇರಿಸಿದರೆ 200 × 100 × 100 ಆಗುತ್ತೆ, ಅಂದರೆ ಒಂದು ಘನ ಮೀಟರಿಗೆ ಸರಿಯಾಗಿ 500 ಇಟ್ಟಿಗೆ. ಪುಸ್ತಕದ ಲೆಕ್ಕಗಳೆಲ್ಲ ಇದರ ಮೇಲೇ ನಿಂತಿವೆ. ಆದರೆ ಭಟ್ಟಿಯಿಂದ ನಮ್ಮ ಸೈಟಿಗೆ ಬಂದದ್ದು ಹಳೇ ಇಂಚಿನ ಇಟ್ಟಿಗೆ, ಬಾಯಿಮಾತಿನಲ್ಲಿ 9-4-3. ಇದನ್ನ ನಂಬಿ ಲೆಕ್ಕ ಹಾಕೋದಲ್ಲ, ಅಳೆದು ಹಾಕಬೇಕು. ಒಂದೊಂದೇ ಇಟ್ಟಿಗೆ ಅಳೆದರೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಒಂದರಂತೆ ಇನ್ನೊಂದು ಇರಲ್ಲ. ಐಎಸ್‌ನಲ್ಲೇ ಹೇಳಿರೋ ಉಪಾಯ ಚೆನ್ನಾಗಿದೆ. ರಾಶಿಯಿಂದ 20 ಇಟ್ಟಿಗೆ ಎತ್ತಿಕೊಂಡು, ಮೇಲಿನ ಗುಳ್ಳೆ, ಮಣ್ಣು ಕೆರೆದು, ಸಮನೆಲದ ಮೇಲೆ ಒಂದಕ್ಕೊಂದು ತಾಗಿಸಿ ಸಾಲಾಗಿ ಇಡೋದು. ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ, ಒಮ್ಮೆ ಎತ್ತರಕ್ಕೆ. ಪ್ರತಿ ಸಾಲನ್ನೂ ಅಳೆದು 20ರಿಂದ ಭಾಗಿಸಿದರೆ ಆಯ್ತು.

ನಮ್ಮ ಇಟ್ಟಿಗೆ ಉದ್ದಕ್ಕೆ 4.48 ಮೀಟರ್, ಅಗಲಕ್ಕೆ 2.04, ಎತ್ತರಕ್ಕೆ 1.44 ಬಂತು. ಅಂದರೆ ಒಂದು ಇಟ್ಟಿಗೆ 224 × 102 × 72. ಮೂರು ಇಂಚು ಅಂದರೆ 76 ಮಿಮೀ, ಇಲ್ಲಿ 4 ಮಿಮೀ ಕಮ್ಮಿ. ನೋಡೋಕೆ ಏನೂ ಅಲ್ಲ. ಆದರೆ ಗೋಡೆ ಮೇಲೇಳುವುದು ಈ ಎತ್ತರದ ಮೇಲೆ, ಅದೂ ಮೂವತ್ತಕ್ಕೂ ಹೆಚ್ಚು ವರಸೆ. ಗೋಡೆಯ ಮುಖದಲ್ಲಿ ಒಂದು ಇಟ್ಟಿಗೆ ಗಾರೆ ಸೇರಿ 234 × 82 ಮಿಮೀ ಜಾಗ ಹಿಡಿಯುತ್ತೆ. ಹೀಗೆ:

```
1 ÷ (0.234 × 0.082) = 52.1
```

ಚದರ ಮೀಟರಿಗೆ 52. ಇದು ನಾಲ್ಕಿಂಚಿನ ಗೋಡೆಗೆ. ಒಂಬತ್ತಿಂಚಿನ ಗೋಡೆಗೆ ಇದರ ಎರಡರಷ್ಟು, 104. ನಮ್ಮ ಗೋಡೆಗೆ 7.47 × 104.2, ಅಂದಾಜು 778 ಇಟ್ಟಿಗೆ. ಒಡೆದದ್ದು, ಅರೆ ತುಂಡು ಅಂತ 5 ಶೇಕಡಾ ಸೇರಿಸಿದರೆ 817. ಅದೇ ನಿಜವಾದ 9-4-3 ಆಗಿದ್ದಿದ್ದರೆ, ಒಡೆಯೋದು ಬಿಟ್ಟು, 726 ಸಾಕಾಗ್ತಿತ್ತು. ಒಂದೇ ಗೋಡೆಯಲ್ಲಿ ಐವತ್ತರ ಮೇಲೆ ಹೋಯ್ತು, ಇಡೀ ಮನೆಗೆ ಎಷ್ಟಾಗುತ್ತೆ ನೋಡಿ.

ಇದನ್ನ ನಮ್ಮ ಗೌಂಡಿಗೆ ಹೇಳಿದೆ. ಅವನು ಇಂಡಿ ಕಡೆಯವನು. ನಕ್ಕು, "ಸರ್, ಸಂದು ಒಂದೀಟು ದಪ್ಪ ಹಾಕಿದ್ರ ಇಟ್ಟಿಗಿ ಉಳಿತಾವ ಬಿಡ್ರಿ" ಅಂದ. ಅವನ ಮಾತು ಲೆಕ್ಕದಲ್ಲಿ ಸರಿಯೇ. ಗಾರೆ 10ರ ಬದಲು 15 ಮಿಮೀ ಹಾಕಿದರೆ ಚದರ ಮೀಟರಿಗೆ 52 ಇದ್ದದ್ದು 48ಕ್ಕೆ ಇಳಿಯುತ್ತೆ. ಮೋಟು ಇಟ್ಟಿಗೆ ಬಂದರೂ ಕಾಂಟ್ರಾಕ್ಟರ್ ಹೇಳಿದ ಸಂಖ್ಯೆ ಹೊಂದಿಕೊಂಡುಬಿಡೋದು ಹೀಗೇ. ಉಳಿದ ಇಟ್ಟಿಗೆಯ ಜಾಗಕ್ಕೆ ಸಿಮೆಂಟು, ಕ್ರಷ್ ಸ್ಯಾಂಡ್ ಹೋಗಿರುತ್ತೆ, ಗೋಡೆಯ ಗಟ್ಟಿತನವೂ ಸ್ವಲ್ಪ ಹೋಗಿರುತ್ತೆ. ನೋಡಬೇಕೆಂದರೆ ಕಟ್ಟಿದ ಗೋಡೆಯಲ್ಲಿ ಹತ್ತು ವರಸೆಯ ಎತ್ತರ ಅಳೀರಿ. ನಮ್ಮ ಇಟ್ಟಿಗೆಗೆ ಅದು 82 ಸೆಂಟಿಮೀಟರ್ ಇರಬೇಕು. 87 ಬಂದರೆ ಸಂದು ದಪ್ಪ ಅಂತಲೇ ಅರ್ಥ. ತೆಳು ಸಂದಿನಲ್ಲೂ ಇಟ್ಟಿಗೆ ಗೋಡೆ ಗಾರೆ ಕುಡಿಯೋದು ಜಾಸ್ತಿನೇ. ಗೋಡೆಯ ಗಾತ್ರದಲ್ಲಿ ನಾಲ್ಕರಲ್ಲೊಂದು ಪಾಲಿಗೆ ಹತ್ತಿರ ಗಾರೆ. ಈ ಒಂದು ಗೋಡೆಗೆ 1:6 ಗಾರೆಗೆ ಎರಡೂವರೆ ಚೀಲ ಸಿಮೆಂಟು, 18 ಘನ ಅಡಿ ಮರಳು ಹಿಡಿಯುತ್ತೆ. ಇಲ್ಲಿ ಮರಳು ಮಾರೋದು ಬ್ರಾಸ್ ಲೆಕ್ಕದಲ್ಲಿ, ಒಂದು ಬ್ರಾಸ್ ಅಂದರೆ 100 ಘನ ಅಡಿ.

ಕಾಂಕ್ರೀಟ್ ಬ್ಲಾಕಿನಲ್ಲಿ ತೊಂದರೆ ಬೇರೆ. ಐಎಸ್ 2185ರಲ್ಲಿ 400 × 200 × 150 ಅಂತ ಹೇಳುವುದು ಗಾರೆ ಸೇರಿಸಿದ ಅಳತೆ. ಬ್ಲಾಕಿನ ನಿಜವಾದ ಉದ್ದ 390, ಎತ್ತರ 190. ಆದರೆ ಅಂಗಡಿಯಲ್ಲಿ 16-8-6 ಅಂತ ಮಾರುವ ಬ್ಲಾಕುಗಳಲ್ಲಿ ಎರಡೂ ಥರ ಸಿಕ್ಕವು. ಒಂದು ಕಡೆ 390, ಇನ್ನೊಂದು ಕಡೆ ಅಚ್ಚೇ 400. ಟೇಪ್ ಹಿಡಿಯದೆ ಗೊತ್ತಾಗಲ್ಲ. 390ರದ್ದಾದರೆ ಚದರ ಮೀಟರಿಗೆ ಹನ್ನೆರಡೂವರೆ, ನಮ್ಮ ಗೋಡೆಗೆ 93. ಪೂರ್ತಿ 400ರದ್ದಾದರೆ 87. ಕಮ್ಮಿ ಸಾಕಲ್ವಾ, ದೊಡ್ಡದೇ ತಗೊಳ್ಳೋಣ ಅನ್ನಿಸುತ್ತೆ. ಆದರೆ ನಾನಾದರೆ 390ರದ್ದೇ ಆರಿಸ್ತೀನಿ. ಗಾರೆ ಸೇರಿ 200 ಮಿಮೀ ಆದರೆ 3 ಮೀಟರ್ ಎತ್ತರಕ್ಕೆ ಸರಿಯಾಗಿ 15 ವರಸೆ, ಉದ್ದಕ್ಕೆ ಸರಿಯಾಗಿ 9 ಬ್ಲಾಕ್. ಇನ್ನೊಂದರಲ್ಲಿ 14 ವರಸೆಗೆ 2.94 ಮೀಟರ್ ಆಗಿ, ಬೀಮಿನ ಕೆಳಗೆ 6 ಸೆಂಟಿಮೀಟರ್ ಸಂದು ಉಳಿಯುತ್ತೆ. ಅಲ್ಲಿಗೆ ಇಟ್ಟಿಗೆಯೂ ಹಿಡಿಯಲ್ಲ, ಸುಮ್ನೆ ಕಾಂಕ್ರೀಟ್ ತುರುಕಬೇಕು.

ದೊಡ್ಡ ಬ್ಲಾಕಿಗೆ ಚದರ ಮೀಟರ್ ಲೆಕ್ಕ ಸಾಲದು ಅನ್ನೋದು ಬಾಗಿಲ ಪಕ್ಕದಲ್ಲಿ ಗೊತ್ತಾಗುತ್ತೆ. ನಮ್ಮ ಗೋಡೆ ಎಡದಿಂದ ಹೀಗಿತ್ತು: ಅರ್ಧ ಮೀಟರ್ ಗೋಡೆ, 0.9 ಬಾಗಿಲು, 0.6 ಗೋಡೆ, 1.2 ಕಿಟಕಿ, 0.4 ಗೋಡೆ. ಮೊದಲ ಅರ್ಧ ಮೀಟರಿಗೆ ಒಂದೂಕಾಲು ಬ್ಲಾಕ್ ಬೇಕು. ಅಂದರೆ ಪ್ರತಿ ವರಸೆಗೂ ಕಾಲು ತುಂಡು, ಇಲ್ಲಾ ಮುಕ್ಕಾಲು ತುಂಡು. ಕಟರ್ ಮಷೀನ್ ಇಲ್ಲದೆ ಸುತ್ತಿಗೆಯಲ್ಲಿ ಕಾಲು ತುಂಡು ನೆಟ್ಟಗೆ ಒಡೆಯೋದು ಕಷ್ಟ, ಒಂದು ತುಂಡಿಗೆ ಒಂದು ಬ್ಲಾಕೇ ಪುಡಿಯಾಗುತ್ತೆ. ಬಾಗಿಲ ಜಾಗ 1 ಮೀಟರ್ ಮಾಡಿ ಎಡಗಡೆ ಗೋಡೆ 0.4 ಇಟ್ಟರೆ ಎಲ್ಲ ಅಳತೆಯೂ 200 ಮಿಮೀ ಗುಣಕದಲ್ಲಿ ಬರುತ್ತೆ. ಆಗ ಬೇಕಾಗೋದು ಅರ್ಧ ಬ್ಲಾಕ್ ಮಾತ್ರ, ಒಂದು ಒಡೆದರೆ ಎರಡೂ ಕೆಲಸಕ್ಕೆ ಬರ್ತವೆ. ಹಾಗಾಗಿ ಕಾಂಕ್ರೀಟ್ ಬ್ಲಾಕ್ ಅಂತ ತೀರ್ಮಾನಿಸಿದರೆ ಬಾಗಿಲ ಚೌಕಟ್ಟಿಗೆ ಹೇಳೋ ಮೊದಲೇ ಕಾಗದದ ಮೇಲೆ ವರಸೆ ಬರೆದು ನೋಡಿ. ಕಾಂಪೌಂಡಿಗೆ ಈ ತಲೆನೋವಿಲ್ಲ, ಬರೀ ಉದ್ದ ಗೋಡೆ. ಅಲ್ಲಿ ಈ ಬ್ಲಾಕನ್ನ ಮೀರಿಸೋದು ಬೇರೊಂದಿಲ್ಲ. ಮೇಲಿನ ಮಹಡಿಗೆ ಮಾತ್ರ ಬೇಡ. ಒಂದೊಂದು ಗಟ್ಟಿ ಬ್ಲಾಕ್ 25 ಕಿಲೋ ಆಸುಪಾಸು, ಎತ್ತುವವರ ಸೊಂಟ ಕೇಳಬೇಕು.

ಎಎಸಿ ಬ್ಲಾಕ್ 600 × 200 × 150. ಇದು ಗಾರೆ ಇಲ್ಲದ ನಿಜವಾದ ಅಳತೆ, ಕಾರ್ಖಾನೆಯಲ್ಲಿ ತಂತಿಯಿಂದ ಕತ್ತರಿಸೋದರಿಂದ ಒಂದರಂತೆ ಇನ್ನೊಂದು ಇರುತ್ತೆ. ಅಂಟುಗಾರೆಯಲ್ಲಿ 3 ಮಿಮೀ ಸಂದು ಹಿಡಿದರೆ ಚದರ ಮೀಟರಿಗೆ 8.17, ನಮ್ಮ ಗೋಡೆಗೆ 61, ಒಡೆಯೋದು ಸೇರಿ 64. ಬಾಗಿಲ ಪಕ್ಕದ ತುಂಡಿನ ಚಿಂತೆ ಇಲ್ಲಿಲ್ಲ. ಮರ ಕುಯ್ಯುವಂಥ ಗರಗಸದಲ್ಲೇ ಕುಯ್ಯಬಹುದು, ಉಳಿದ ತುಂಡು ಮುಂದಿನ ವರಸೆಗೆ ಹೋಗುತ್ತೆ. ಒಂದು ಬ್ಲಾಕ್ ಒಣಗಿದ್ದಾಗ 11 ಕಿಲೋ ಸುಮಾರು.

ಲೆಕ್ಕ ತಪ್ಪೋದು ಬಿಲ್ಲಿನಲ್ಲಿ. ಇಟ್ಟಿಗೆ ಸಾವಿರಕ್ಕೆ, ಕಾಂಕ್ರೀಟ್ ಬ್ಲಾಕ್ ಒಂದಕ್ಕೆ, ಎಎಸಿ ಘನ ಮೀಟರಿಗೆ ಮಾರ್ತಾರೆ. ಒಂದು ಎಎಸಿ ಬ್ಲಾಕಿನ ಗಾತ್ರ 0.018 ಘನ ಮೀಟರ್, ಹಾಗಾಗಿ ಘನ ಮೀಟರಿಗೆ ಐವತ್ತೈದೂವರೆ. ನಮಗೆ ಬೇಕಾದ 64ಕ್ಕೆ 1.15 ಘನ ಮೀಟರ್. ದರ ಹೋಲಿಸುವಾಗ 817 ಇಟ್ಟಿಗೆಯ ಬೆಲೆಗೆ ಗಾರೆಯ ಬೆಲೆ ಸೇರಿಸಿ, 1.15 ಘನ ಮೀಟರ್ ಬ್ಲಾಕಿನ ಬೆಲೆಗೆ ಅಂಟುಗಾರೆಯ ಚೀಲ ಸೇರಿಸಿ, ಎದುರಾಬದುರು ಇಡಬೇಕು. ಒಂದು ಬ್ಲಾಕ್ ಎಷ್ಟು, ಒಂದು ಇಟ್ಟಿಗೆ ಎಷ್ಟು ಅಂತ ಕೇಳಿದರೆ ಏನೂ ತಿಳಿಯಲ್ಲ. ಜತೆಗೆ ಎಎಸಿ ಗೋಡೆ ಒಂಬತ್ತಿಂಚಿಗಿಂತ ಮೂರಿಂಚು ತೆಳು. ಈ ಒಂದು ಗೋಡೆಯಲ್ಲೇ ಮೂರು ಚದರ ಅಡಿ ಹತ್ತಿರ ಒಳಜಾಗ ಉಳಿಯಿತು. ಪುಣೆಯಲ್ಲಿ ಅದಕ್ಕೂ ಬೆಲೆ ಇದೆ.

ಮೂರಕ್ಕೂ ಒಂದು ಕಳೆಯೋದಿದೆ. ಗೋಡೆಯ ಉದ್ದಕ್ಕೂ ತೆಳು ಆರ್‌ಸಿಸಿ ಪಟ್ಟಿ ಹಾಕಿಸಿದರೆ, 10 ಸೆಂಟಿಮೀಟರಿನ ಒಂದು ಪಟ್ಟಿ 3 ಎಎಸಿ ಬ್ಲಾಕ್, ಇಲ್ಲವೇ 37 ಇಟ್ಟಿಗೆಯ ಜಾಗ ತಿನ್ನುತ್ತೆ. ಎಎಸಿಗೆ ಇಂಥ ಪಟ್ಟಿ ಮೀಟರಿಗೊಂದು ಹಾಕಿಸೋದೇ ರೂಢಿ. ಬಾಗಿಲ ಮೇಲಿನ ಲಿಂಟಲ್ಲೂ ಇದೇ ಲೆಕ್ಕ.

ಮತ್ತೆ ಕಟ್ಟಿಸುವುದಾದರೆ ನಾನು ಮಹಡಿಗೆ ಎಎಸಿ, ಕಾಂಪೌಂಡಿಗೆ ಕಾಂಕ್ರೀಟ್ ಬ್ಲಾಕ್, ಬಚ್ಚಲು ಮತ್ತು ಮೂಲೆಮುಡುಕಿನ ಚಿಕ್ಕ ಗೋಡೆಗಳಿಗೆ ಇಟ್ಟಿಗೆ ಹಾಕಿಸ್ತೀನಿ. ಎಎಸಿಗೆ ಕಾಲಮ್ ಸೇರುವ ಕಡೆ ಪ್ಲಾಸ್ಟರ್‌ಗೆ ಮೊದಲು ಚಿಕನ್ ಮೆಶ್ ಹೊಡೆಸೋದು ತಪ್ಪಿಸಬೇಡಿ, ಇಲ್ಲದಿದ್ದರೆ ನೇರ ಗೆರೆಯಂತೆ ಬಿರುಕು ಬರುತ್ತೆ. ಜೂನ್ ಮಳೆಗೆ ಮುಂಚೆ ಬ್ಲಾಕ್ ಇಳಿಸಿದರೆ ಕೆಳಗೆ ಹಲಗೆ, ಮೇಲೆ ತಾಡಪಾಲು ಬೇಕೇ ಬೇಕು. ನೆನೆದ ಬ್ಲಾಕನ್ನ ಕಟ್ಟಿದರೆ ಒಣಗುವಾಗ ಕುಗ್ಗಿ ಮತ್ತೆ ಅದೇ ಬಿರುಕು.