ಮುಂಗಡ ಪ್ರತಿಗೆ ಎರಡು ದಾರಿ: ಸ್ವಂತ ಓದುಗರ ಪಟ್ಟಿ ಮತ್ತು ನೆಟ್‌ಗ್ಯಾಲಿ

ಬಿಡುಗಡೆಗೆ ಮೊದಲು ಪುಸ್ತಕದ ಉಚಿತ ಪ್ರತಿಯನ್ನು ಓದುಗರಿಗೆ ಕೊಡುವುದನ್ನು ಅಮೆಜಾನ್ ನಿಷೇಧಿಸಿಲ್ಲ. ಉಚಿತ ವಸ್ತು ಪಡೆದು ಬರೆಯುವ ವಿಮರ್ಶೆಗಳನ್ನು ಅದು 2016ರ ಅಕ್ಟೋಬರ್‌ನಲ್ಲಿ ತಡೆದಾಗಲೂ ಪುಸ್ತಕಗಳಿಗೆ ವಿನಾಯಿತಿ ಉಳಿಯಿತು. ಆದರೆ ಪ್ರತಿ ಪಡೆದವರು ವಿಮರ್ಶೆ ಬರೆಯಲೇಬೇಕೆಂದು ಷರತ್ತು ಹಾಕುವಂತಿಲ್ಲ, ವಿಮರ್ಶೆ ಹೀಗೇ ಇರಲಿ ಎಂದು ಪ್ರಭಾವ ಬೀರುವಂತೆಯೂ ಇಲ್ಲ. ನನ್ನ ಪುಸ್ತಕಗಳಿಗೆ ಬಳಸಿದ ಎರಡು ದಾರಿಗಳನ್ನು ಇಲ್ಲಿ ಮುಖ್ಯವಾಗಿ ಈ ನಿಯಮದ ದೃಷ್ಟಿಯಿಂದಲೇ ಹೋಲಿಸುತ್ತೇನೆ.

ಮೊದಲನೆಯದು ಸ್ವಂತ ಓದುಗರ ಪಟ್ಟಿ. ಹಿಂದಿನ ಪುಸ್ತಕ ಓದಿ ಇಮೇಲ್ ವಿಳಾಸ ಕೊಟ್ಟವರಲ್ಲಿ ಆಸಕ್ತರನ್ನು ಆರಿಸಿ, ಇ-ಪುಸ್ತಕದ ಫೈಲನ್ನು ಓದುಗರಿಗೆ ತಲುಪಿಸುವ ಬುಕ್‌ಫನಲ್ ಸೇವೆಯ ಮೂಲಕ ಪ್ರತಿಯೊಬ್ಬರಿಗೂ ಪ್ರತ್ಯೇಕ ಕೊಂಡಿ ಕಳಿಸುತ್ತೇನೆ. ಯಾರು ಫೈಲ್ ಇಳಿಸಿಕೊಂಡರು ಎಂಬುದು ಅಲ್ಲಿ ಕಾಣುತ್ತದೆ. ಇವರು ಈ ಪ್ರಕಾರದ ಪುಸ್ತಕಗಳನ್ನು ಇಷ್ಟಪಡುವವರೇ ಆದ್ದರಿಂದ ಹೆಚ್ಚಿನವರು ಕೊನೆಯವರೆಗೂ ಓದುತ್ತಾರೆ, ಬಿಡುಗಡೆಯ ವಾರದಲ್ಲೇ ಬರೆಯುತ್ತಾರೆ. ಅಪಾಯವಿರುವುದೂ ಈ ಆತ್ಮೀಯತೆಯಲ್ಲೇ. ಕುಟುಂಬದವರು ಮತ್ತು ಆಪ್ತ ಸ್ನೇಹಿತರು ಬರೆದ ವಿಮರ್ಶೆಗಳಿಗೆ ಅಮೆಜಾನ್‌ನಲ್ಲಿ ಅವಕಾಶವಿಲ್ಲ. ಹಾಗಾಗಿ ಅಂಥವರ ಹೆಸರನ್ನು ಪಟ್ಟಿಯಿಂದ ಮೊದಲೇ ತೆಗೆಯುತ್ತೇನೆ. ಇನ್ನೊಬ್ಬ ಲೇಖಕರು ‘ನೀವು ನನ್ನದಕ್ಕೆ ಬರೆಯಿರಿ, ನಾನು ನಿಮ್ಮದಕ್ಕೆ ಬರೆಯುತ್ತೇನೆ’ ಎಂದರೆ ಅದನ್ನೂ ಒಪ್ಪುವುದಿಲ್ಲ, ಏಕೆಂದರೆ ವಿಮರ್ಶೆಗಳ ಅದಲುಬದಲು ನೇರವಾಗಿ ನಿಯಮಭಂಗ.

ಈ ದಾರಿಯಲ್ಲಿ ಎಲ್ಲವೂ ಪತ್ರದ ಮಾತಿನ ಮೇಲೆ ನಿಂತಿದೆ. ‘ಉಚಿತ ಪ್ರತಿಗೆ ಪ್ರತಿಯಾಗಿ ಪ್ರಾಮಾಣಿಕ ವಿಮರ್ಶೆ ಬರೆಯಿರಿ’ ಎಂಬ ವಾಕ್ಯ ಸಜ್ಜನಿಕೆಯದಾಗಿ ಕಂಡರೂ ಅದರಲ್ಲಿ ಕೊಡು-ಕೊಳ್ಳುವ ಒಪ್ಪಂದವಿದೆ. ‘ಇಷ್ಟವಾದರೆ ವಿಮರ್ಶೆ ಬರೆಯಿರಿ, ಇಲ್ಲವಾದರೆ ನನಗೆ ತಿಳಿಸಿ’ ಎಂಬುದು ಇನ್ನೂ ಕೆಟ್ಟದ್ದು, ಏಕೆಂದರೆ ಅದು ಒಳ್ಳೆಯ ಮಾತನ್ನು ಮಾತ್ರ ಅಂಗಡಿಗೆ ಕಳಿಸಿ ಟೀಕೆಯನ್ನು ಬದಿಗೆ ಸರಿಸುತ್ತದೆ. ನಾನು ಬರೆಯುವುದು ಹೀಗೆ: ‘ಈ ಪ್ರತಿ ನಿಮ್ಮದು. ವಿಮರ್ಶೆ ಬರೆಯಬೇಕೆಂಬ ಕಡ್ಡಾಯವಿಲ್ಲ. ಬರೆಯುವುದಾದರೆ ನಿಮಗೆ ಅನ್ನಿಸಿದ್ದನ್ನೇ ಬರೆಯಿರಿ, ಮತ್ತು ಮುಂಗಡ ಪ್ರತಿ ಉಚಿತವಾಗಿ ಸಿಕ್ಕಿತೆಂದು ಒಂದು ಸಾಲಿನಲ್ಲಿ ತಿಳಿಸಿ.’ ನಕ್ಷತ್ರಗಳ ಮಾತನ್ನು ಎಲ್ಲೂ ಎತ್ತುವುದಿಲ್ಲ. ಬರೆಯದವರನ್ನು ಮುಂದಿನ ಪುಸ್ತಕಕ್ಕೆ ಪಟ್ಟಿಯಿಂದ ಕೈಬಿಟ್ಟರೆ ಅದೂ ಪರೋಕ್ಷ ಒತ್ತಾಯವೇ ಆಗುತ್ತದೆ. ಆದ್ದರಿಂದ ಫೈಲನ್ನು ಇಳಿಸಿಕೊಳ್ಳದವರನ್ನಷ್ಟೇ ಬಿಡುತ್ತೇನೆ.

ಮುಂಗಡ ಪ್ರತಿಗಳನ್ನು ಹಂಚುವ ತಾಣವಾದ ನೆಟ್‌ಗ್ಯಾಲಿಯ ಕ್ರಮ ಬೇರೆ. ಪುಸ್ತಕವನ್ನು ಅಲ್ಲಿ ಇಟ್ಟರೆ ಅಪರಿಚಿತ ಓದುಗರು, ಗ್ರಂಥಪಾಲಕರು, ಪುಸ್ತಕ ಮಾರುವವರು ತಾವಾಗಿ ಕೋರಿಕೆ ಸಲ್ಲಿಸುತ್ತಾರೆ, ನಾವು ಅವರ ಪರಿಚಯ ನೋಡಿ ಒಪ್ಪಿಗೆ ಕೊಡುತ್ತೇವೆ. ಒಬ್ಬ ಸದಸ್ಯರು ಪಡೆದ ಪುಸ್ತಕಗಳಲ್ಲಿ ಎಷ್ಟಕ್ಕೆ ಪ್ರತಿಕ್ರಿಯೆ ಕೊಟ್ಟಿದ್ದಾರೆ ಎಂಬ ಶೇಕಡಾವಾರು ಅಲ್ಲಿ ಕಾಣುತ್ತದೆ, 80ರ ಮಟ್ಟವನ್ನು ಒಳ್ಳೆಯದೆಂದು ಆ ತಾಣವೇ ಸೂಚಿಸುತ್ತದೆ. ನನಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರ ಹಳೆಯ ವಿಮರ್ಶೆಗಳನ್ನು ಓದುವುದು. ಎಲ್ಲವನ್ನೂ ಹೊಗಳುವವರಿಗಿಂತ ಕಾರಣ ಕೊಟ್ಟು ಒಪ್ಪುವ ಅಥವಾ ಟೀಕಿಸುವವರ ಮಾತನ್ನು ಮುಂದಿನ ಓದುಗ ನಂಬುತ್ತಾನೆ. ಇಲ್ಲಿ ಬರುವ ಬರಹಗಳು ನನ್ನ ಪಟ್ಟಿಯವರ ಬರಹಕ್ಕಿಂತ ಕಠಿಣವಾಗಿರುತ್ತವೆ, ವಿವರವಾಗಿಯೂ ಇರುತ್ತವೆ. ಲೇಖಕರ ಪರಿಚಯವೇ ಇಲ್ಲದ ಕಾರಣ ಪ್ರಭಾವದ ಶಂಕೆಗೆ ಆಸ್ಪದ ಬಹಳ ಕಡಿಮೆ. ಆದರೆ ಹೆಚ್ಚಿನವು ಓದುಗರ ವಿಮರ್ಶೆಗಳ ತಾಣವಾದ ಗುಡ್‌ರೀಡ್ಸ್‌ನಲ್ಲಿ ಉಳಿದುಬಿಡುತ್ತವೆ, ಏಕೆಂದರೆ ಅಲ್ಲಿ ಬಿಡುಗಡೆಗೆ ಮೊದಲೇ ಬರೆಯಬಹುದು. ಅಮೆಜಾನ್ ಬಿಡುಗಡೆಯ ದಿನದವರೆಗೆ ಓದುಗರ ವಿಮರ್ಶೆಯನ್ನು ಸ್ವೀಕರಿಸುವುದಿಲ್ಲ.

ಈ ಅಂತರ ಎರಡೂ ದಾರಿಗಳಿಗೆ ತೊಡಕೇ. ಬಿಡುಗಡೆ ತಿಂಗಳ 15ಕ್ಕೆ ಇದ್ದರೆ ಪ್ರತಿಯನ್ನು ಸುಮಾರು ನಾಲ್ಕು ವಾರ ಮೊದಲು ಕಳಿಸುತ್ತೇನೆ, 15ರ ಬೆಳಿಗ್ಗೆ ಪುಸ್ತಕದ ಪುಟದ ಕೊಂಡಿಯೊಂದಿಗೆ ಒಂದೇ ಒಂದು ನೆನಪೋಲೆ ಕಳಿಸುತ್ತೇನೆ. ಬರೆದರೂ ಪುಟದಲ್ಲಿ ಕಾಣುತ್ತಿಲ್ಲ ಎಂದು ಯಾರಾದರೂ ತಿಳಿಸಿದರೆ ಮೊದಲು ಅವರ ಖಾತೆಯ ಅರ್ಹತೆ ನೋಡಲು ಹೇಳಬೇಕು: ಅಮೆಜಾನ್‌ನ ಅಮೆರಿಕದ ತಾಣದಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 50 ಡಾಲರ್ ಖರೀದಿ ಮಾಡಿರಬೇಕು. ಮುಂಗಡ ಪ್ರತಿ ಓದಿದವರ ವಿಮರ್ಶೆಗೆ ‘ಖರೀದಿ ದೃಢೀಕೃತ’ ಗುರುತು ಸಿಗುವುದಿಲ್ಲ ಎಂದು, ಪುಸ್ತಕ ಕೊಳ್ಳಿಸಿ ಹಣ ಹಿಂದಿರುಗಿಸುವ ಸಲಹೆ ಕೊಡುವವರಿದ್ದಾರೆ. ಅದು ವಿಮರ್ಶೆಗೆ ಹಣ ಕೊಟ್ಟಂತೆಯೇ. ಲೇಖಕರ ಖಾತೆಗೇ ಕುತ್ತು ಬರಬಹುದು.

ಓದುಗರನ್ನು ಹುಡುಕಿಕೊಡಲು ಶುಲ್ಕ ಪಡೆಯುವ ಸೇವೆಗಳೂ ಇವೆ. ಹಣ ಸೇವೆಗೆ ಹೋಗಿ, ಓದುಗರಿಗೆ ಹೋಗದಿದ್ದರೆ ತೊಂದರೆಯಿಲ್ಲ. ಇಂತಿಷ್ಟು ವಿಮರ್ಶೆ ಖಚಿತ ಎನ್ನುವವರಿಂದ ಮಾತ್ರ ದೂರವಿರಬೇಕು.

ಓದುಗರ ಪಟ್ಟಿಯೇ ಇಲ್ಲದ ಮೊದಲ ಪುಸ್ತಕಕ್ಕೆ ನೆಟ್‌ಗ್ಯಾಲಿ ಯೋಗ್ಯ. ಎರಡನೆಯದರಿಂದ ಮುಂದಕ್ಕೆ ನನ್ನ ಆಯ್ಕೆ ಸ್ವಂತ ಪಟ್ಟಿ, ಜೊತೆಗೆ ನೆಟ್‌ಗ್ಯಾಲಿಯಲ್ಲಿ ಅಲ್ಪಾವಧಿ. ಇ-ಪುಸ್ತಕವನ್ನು ಅಮೆಜಾನ್‌ನ ಕೆಡಿಪಿ ಸೆಲೆಕ್ಟ್ ಕಾರ್ಯಕ್ರಮಕ್ಕೆ ಸೇರಿಸುವ ಯೋಜನೆಯಿದ್ದರೆ, ಇ-ಪುಸ್ತಕ ಬೇರೆಲ್ಲೂ ಸಿಗಬಾರದೆಂಬ ಅಲ್ಲಿನ ಏಕಸ್ವಾಮ್ಯದ ಷರತ್ತಿನಿಂದಾಗಿ, ಸೇರಿಸುವ ಮೊದಲೇ ನೆಟ್‌ಗ್ಯಾಲಿಯ ಪುಟವನ್ನೂ ಬುಕ್‌ಫನಲ್ ಕೊಂಡಿಗಳನ್ನೂ ಮುಚ್ಚಿರಬೇಕು.