ಸೀಗಲ್ 1963 ಕ್ರೋನೋಗ್ರಾಫ್: ಮೈದಾನದಲ್ಲಿ ಸ್ಟಾಪ್‌ವಾಚ್ ಆಗಿ ಹೇಗಿದೆ?

ನಾನು ಪಿಟಿ ಮೇಷ್ಟ್ರು. ಮಕ್ಕಳ ಓಟದ ಟೈಮ್ ನೋಡಲು ಕೆಲವು ವರ್ಷಗಳಿಂದ ಸೀಗಲ್ 1963 ವಾಚನ್ನೇ ಬಳಸುತ್ತಿದ್ದೇನೆ. ಅದರ ಅಂದಚೆಂದದ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ಪಕ್ಕದಲ್ಲಿರುವ ಎರಡು ಬಟನ್‌ಗಳನ್ನು ದಿನಾ ಒತ್ತಿ ಬಳಸಿದರೆ ಹೇಗಿರುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಚೀನಾದ ವಾಯುಪಡೆಗೆಂದು ಟಿಯಾನ್‌ಜಿನ್ ಕಾರ್ಖಾನೆ 1961ರಲ್ಲಿ ಶುರು ಮಾಡಿದ ವಾಚಿನ ಮರುರೂಪ ಇದು. ಒಳಗಿನ ಯಂತ್ರ ಎಸ್‌ಟಿ 1901. ಇದರ ಮೂಲ ಸ್ವಿಟ್ಜರ್ಲೆಂಡಿನ ವೀನಸ್ 175. ಬ್ಯಾಟರಿ ಇಲ್ಲ, ಕೀ ಕೊಡಬೇಕು. ಎಚ್‌ಎಂಟಿ ಜನತಾಗೆ ಕೀ ಕೊಟ್ಟು ಅಭ್ಯಾಸ ಇದ್ದವರಿಗೆ ಇದೇನೂ ಹೊಸದಲ್ಲ. ಎಡಗಡೆಯ ಸಣ್ಣ ಡಯಲ್‌ನಲ್ಲಿ ವಾಚಿನ ಮಾಮೂಲಿ ಸೆಕೆಂಡು ಮುಳ್ಳು ಓಡುತ್ತದೆ. ನಡುವಿನ ಉದ್ದ ಮುಳ್ಳು ಸ್ಟಾಪ್‌ವಾಚಿನದು. ಬಲಗಡೆಯ ಸಣ್ಣ ಡಯಲ್ 30 ನಿಮಿಷದವರೆಗೆ ಎಣಿಸುತ್ತದೆ, ಆಮೇಲೆ ಮತ್ತೆ ಮೊದಲಿಂದ.

ಮೇಲಿನ ಬಟನ್ ಒತ್ತಿದರೆ ಉದ್ದ ಮುಳ್ಳು ಹೊರಡುತ್ತದೆ. ಮತ್ತೆ ಒತ್ತಿದರೆ ನಿಲ್ಲುತ್ತದೆ. ಇನ್ನೊಮ್ಮೆ ಒತ್ತಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಕಬಡ್ಡಿಯಲ್ಲಿ ಟೈಮ್‌ಔಟ್ ಕೊಟ್ಟಾಗ ಇದು ತುಂಬಾ ಅನುಕೂಲ. ಕೆಳಗಿನ ಬಟನ್ ಸೊನ್ನೆಗೆ ತರುವುದಕ್ಕೆ, ಅದೂ ಮುಳ್ಳು ನಿಂತಿದ್ದಾಗ ಮಾತ್ರ.

ಹಾಗಾದರೆ ಲ್ಯಾಪ್ ಟೈಮ್ ಹೇಗೆ? ಇಲ್ಲೇ ಜಾಸ್ತಿ ಜನ ಎಡವುವುದು. ಹಲವು ಕ್ವಾರ್ಟ್ಜ್ ಕ್ರೋನೋಗ್ರಾಫ್‌ಗಳಲ್ಲಿ ಓಡುತ್ತಿರುವಾಗ ಕೆಳಗಿನ ಬಟನ್ ಒತ್ತಿದರೆ ಮುಳ್ಳು ನಿಂತು ಲ್ಯಾಪ್ ತೋರಿಸುತ್ತದೆ. ಒಳಗೆ ಲೆಕ್ಕ ನಡೆಯುತ್ತಲೇ ಇರುತ್ತದೆ. ಮತ್ತೆ ಒತ್ತಿದರೆ ಮುಳ್ಳು ಸರ್ರನೆ ಓಡಿ ಈಗಿನ ಟೈಮಿಗೆ ಬಂದು ಸೇರುತ್ತದೆ. ಸೀಗಲ್‌ನಲ್ಲಿ ಅಂಥ ವ್ಯವಸ್ಥೆ ಇಲ್ಲ. ನೆನಪಿಟ್ಟುಕೊಳ್ಳಲು ಒಳಗೆ ಯಾವ ಚಿಪ್ಪೂ ಇಲ್ಲವಲ್ಲ! ಇಲ್ಲಿ ಲ್ಯಾಪ್ ಅಂದರೆ ಓಡುತ್ತಿರುವ ಮುಳ್ಳನ್ನು ಕಣ್ಣಲ್ಲೇ ಓದಿ, ಪಕ್ಕದಲ್ಲಿರುವವರಿಗೆ ಹೇಳಿ ಬರೆಸುವುದು. ಅಷ್ಟೇ.

ಕೇಳಿದರೆ ಕಷ್ಟ ಅನ್ನಿಸುತ್ತದೆ, ಆದರೆ ಬೇಗ ರೂಢಿಯಾಗುತ್ತದೆ. 1600 ಮೀಟರ್ ಓಟ ಅಂದುಕೊಳ್ಳಿ, 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು. ಹುಡುಗಿ ಗೆರೆ ದಾಟುವ ಹೊತ್ತಿಗೆ ನನ್ನ ಕಣ್ಣು ಮೊದಲು ಸೆಕೆಂಡು ಮುಳ್ಳಿಗೆ ಹೋಗುತ್ತದೆ, ಆಮೇಲೆ ನಿಮಿಷದ ಮುಳ್ಳಿಗೆ. ಸೆಕೆಂಡು ಬೇಗ ಓಡುತ್ತದೆ, ನಿಮಿಷ ಎಲ್ಲೂ ಹೋಗುವುದಿಲ್ಲ. ನಾನು ಹೇಳಿದ್ದನ್ನು ಪಕ್ಕದ ಹುಡುಗ ಬರೆಯುತ್ತಾನೆ: 1:32, 3:08, 4:47. ಕೊನೆಗೆ ಗೆರೆ ದಾಟಿದಾಗ ಮೇಲಿನ ಬಟನ್ ಒತ್ತಿ ನಿಲ್ಲಿಸಿದರೆ 6:19. ಒಂದರಿಂದ ಹಿಂದಿನದನ್ನು ಕಳೆದರೆ ಸುತ್ತುಗಳು 1:32, 1:36, 1:39, 1:32. ಮೂರನೇ ಸುತ್ತಲ್ಲಿ ಸುಸ್ತಾಗಿ ಕೊನೆಯದರಲ್ಲಿ ಮತ್ತೆ ಜೋರಾಗಿ ಓಡಿದ್ದಾಳೆ ಅಂತ ಅಲ್ಲೇ ಗೊತ್ತಾಗುತ್ತದೆ.

ಓದುವಾಗ ಒಂದು ಕಡೆ ಹುಷಾರಾಗಿರಬೇಕು. ಸೆಕೆಂಡು ಮುಳ್ಳು 60ರ ಹತ್ತಿರ ಬಂದಾಗ ನಿಮಿಷದ ಮುಳ್ಳು ಮುಂದಿನ ಗೆರೆಗೆ ಜರುಗಲು ಶುರು ಮಾಡಿರುತ್ತದೆ. 2:59 ಇದ್ದದ್ದನ್ನು ಅವಸರದಲ್ಲಿ 3:59 ಅಂತ ಓದಿಬಿಡಬಹುದು. ಹಿಂದಿನ ಸುತ್ತಿನ ಟೈಮ್ ನೆನಪಿದ್ದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಇನ್ನೊಂದು ವಿಷಯ: ಈ ಯಂತ್ರದ ಬಡಿತ ಗಂಟೆಗೆ 21,600. ಅಂದರೆ ಮುಳ್ಳು ಸೆಕೆಂಡಿಗೆ ಆರು ಸಲ ಜಿಗಿಯುತ್ತದೆ. ಅದಕ್ಕಿಂತ ಸೂಕ್ಷ್ಮವಾಗಿ ಇದು ಅಳೆಯಲಾರದು. 100 ಮೀಟರ್ ಓಟಕ್ಕೆ ಇದನ್ನು ನಂಬಿ ಮೆಡಲ್ ಕೊಡಲು ಆಗುವುದಿಲ್ಲ. ದೂರದ ಓಟದ ಪ್ರಾಕ್ಟೀಸಿಗೆ ಧಾರಾಳ ಸಾಕು.

ಈಗ ರಿಸೆಟ್ ವಿಷಯ. ಹಿಂದುಗಡೆ ಗಾಜು ಇರುವ ಮಾಡೆಲ್ ಆದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ, ನನಗೆ ತುಂಬಾ ಇಷ್ಟವಾದದ್ದೂ ಅದೇ. ಮೇಲಿನ ಬಟನ್ ಒತ್ತಿದಾಗ ಕಂಬಗಳಿರುವ ಒಂದು ಪುಟ್ಟ ಚಕ್ರ ಒಂದು ಹೆಜ್ಜೆ ತಿರುಗುತ್ತದೆ. ಆಗ ಒಂದು ಸಣ್ಣ ಗೇರ್ ಪಕ್ಕದಿಂದ ಸರಿದು ಬಂದು ಉದ್ದ ಮುಳ್ಳಿನ ಗೇರಿಗೆ ಹಲ್ಲು ಕೊಡುತ್ತದೆ. ಮುಳ್ಳು ಹೊರಡುವಾಗ ಕೆಲವು ಸಲ ಚೂರು ಜಿಗಿದಂತೆ ಕಾಣುವುದು ಈ ಹಲ್ಲುಗಳು ಕೂಡಿಕೊಳ್ಳುವಾಗಲೇ. ಅದು ದೋಷವಲ್ಲ, ಪಕ್ಕದಿಂದ ಗೇರ್ ಬಂದು ಸೇರುವ ಎಲ್ಲ ಕ್ರೋನೋಗ್ರಾಫ್‌ಗಳಲ್ಲೂ ಇರುವಂಥದ್ದು. ನಿಲ್ಲಿಸಿದಾಗ ಆ ಗೇರ್ ಹಿಂದೆ ಸರಿದು, ಒಂದು ಬ್ರೇಕ್ ಬಂದು ಮುಳ್ಳಿನ ಗೇರನ್ನು ಹಿಡಿದುಕೊಳ್ಳುತ್ತದೆ. ಕೆಳಗಿನ ಬಟನ್ ಒತ್ತಿದರೆ ಬ್ರೇಕ್ ಬಿಟ್ಟು, ಸುತ್ತಿಗೆಯಂಥ ಸನ್ನೆ ಹೃದಯದಾಕಾರದ ತುಂಡಿನ ಮೇಲೆ ಬೀಳುತ್ತದೆ. ಆ ಆಕಾರವೇ ಹಾಗಿದೆ, ಎಲ್ಲಿ ಹೊಡೆದರೂ ಜಾರಿ ತಿರುಗಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅದೇ ಸೊನ್ನೆ.

ಓಡುತ್ತಿರುವಾಗ ಕೆಳಗಿನದನ್ನು ಒತ್ತಿದರೆ ಏನಾಗುತ್ತದೆ? ಗೇರಿನ ಹಲ್ಲುಗಳು ಇನ್ನೂ ಕೂಡಿಕೊಂಡೇ ಇವೆ. ಸುತ್ತಿಗೆ ಬಿದ್ದರೆ ಮುಳ್ಳನ್ನು ಒಂದೇ ಏಟಿಗೆ ಸೊನ್ನೆಗೆ ಎಳೆಯುತ್ತದೆ. ಆದರೆ ಗೇರ್ ಅದನ್ನು ಬಿಡುವುದಿಲ್ಲ. ಇಂಥ ಯಂತ್ರದಲ್ಲಿ ಆಗ ಕಂಬವೊಂದು ಸುತ್ತಿಗೆಗೆ ಅಡ್ಡ ನಿಂತಿರುತ್ತದೆ, ಬಟನ್ ಗಟ್ಟಿಯಾಗಿ ತಡೆಯುತ್ತದೆ. ಅಲ್ಲಿಗೇ ಬೆರಳು ತೆಗೆಯಬೇಕು. ಜೋರು ಮಾಡಿ ಒತ್ತಿದರೆ ಸನ್ನೆ ಬಾಗಬಹುದು, ಸಣ್ಣ ಹಲ್ಲು ಮುರಿಯಬಹುದು, ಇಲ್ಲಾ ಮುಳ್ಳು ತನ್ನ ಕೊಳವೆಯ ಮೇಲೆ ಜರುಗಬಹುದು.

ನನ್ನ ಸಹೋದ್ಯೋಗಿಯೊಬ್ಬರ ಬೇರೊಂದು ಕಂಪನಿಯ ಕೀ ವಾಚಿಗೆ ಇದೇ ಆಯಿತು. ಅವರಿಗೆ ಕ್ವಾರ್ಟ್ಜ್ ರೂಢಿ, ಲ್ಯಾಪ್ ಅಂದುಕೊಂಡು ಕೆಳಗಿನದನ್ನೇ ಅದುಮಿದರು. ಆಮೇಲೆ ರಿಸೆಟ್ ಮಾಡಿದಾಗಲೆಲ್ಲ ಮುಳ್ಳು 12ರಿಂದ ಎರಡು ಗೆರೆ ಆಚೆಗೇ ನಿಲ್ಲುತ್ತಿತ್ತು. ರಿಪೇರಿಯವರು ಅದನ್ನು ನೋಡಿ ಸಮಾಧಾನ ಹೇಳಿದರಂತೆ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಮುಳ್ಳು ಮಾತ್ರ ಜರುಗಿದೆ, ತೆಗೆದು ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಸುತ್ತಿಗೆಗೋ ಹೃದಯದ ತುಂಡಿಗೋ ಪೆಟ್ಟಾಗಿರಬಹುದು, ಆಗ ವಾಚು ಪೂರ್ತಿ ಬಿಚ್ಚಬೇಕು. ಹಳೇ ಕ್ರೋನೋಗ್ರಾಫ್ ಕೊಳ್ಳುವವರು ಅಂಗಡಿಯಲ್ಲೇ ಏಳೆಂಟು ಸಲ ಓಡಿಸಿ, ನಿಲ್ಲಿಸಿ, ರಿಸೆಟ್ ಮಾಡಿ ಇದನ್ನು ನೋಡಿಕೊಳ್ಳಿ.

ಓಡುತ್ತಲೇ ರಿಸೆಟ್ ಆಗುವ ವಾಚುಗಳೂ ಇವೆ, ಫ್ಲೈಬ್ಯಾಕ್ ಅಂತಾರೆ. 1950ರ ದಶಕದಲ್ಲಿ ಫ್ರೆಂಚ್ ವಾಯುಪಡೆಗೆ ಮಾಡಿದ ಟೈಪ್ 20 ಅಂಥದ್ದು. ಕೆಳಗಿನದನ್ನು ಒತ್ತಿದರೆ ಮೊದಲು ಗೇರ್ ಬಿಡಿಸಿ, ಆಮೇಲೆ ಸುತ್ತಿಗೆ ಬೀಳಿಸಿ, ಬೆರಳು ಬಿಟ್ಟ ಕೂಡಲೇ ಮತ್ತೆ ಗೇರ್ ಕೂಡಿಸುತ್ತದೆ. ಸುತ್ತು ಸುತ್ತಿಗೂ ಸೊನ್ನೆಯಿಂದ ಎಣಿಸಬೇಕು ಅನ್ನುವವರಿಗೆ ಅದೇ ಸರಿ, ಬೆಲೆ ಮಾತ್ರ ಬೇರೆ ಮಟ್ಟದ್ದು.

ಸೀಗಲ್ ಕೊಳ್ಳುವವರಿಗೆ ಇನ್ನೆರಡು ಮಾತು. ಓಟದ ದಿನ ಬೆಳಿಗ್ಗೆ ಪೂರ್ತಿ ಕೀ ಕೊಡಿ, ಸ್ಟಾಪ್‌ವಾಚ್ ಓಡುವಾಗ ಯಂತ್ರಕ್ಕೆ ಜಾಸ್ತಿ ಹೊರೆ ಬೀಳುತ್ತದೆ. ಚೆಂದ ಕಾಣುತ್ತದೆ ಅಂತ ಉದ್ದ ಮುಳ್ಳನ್ನು ದಿನವಿಡೀ ಸುಮ್ನೆ ಓಡಲು ಬಿಡಬೇಡಿ. ಒದ್ದೆ ಕೈಯಲ್ಲಿ, ಮಳೆಯಲ್ಲಿ ಬಟನ್ ಮುಟ್ಟಬೇಡಿ, ನೀರು ಒಳಹೋಗಲು ಅದೇ ದಾರಿ.